"ಒಂದು ದಿನವೂ ತಪ್ಪಿಸದೆ ಓಡಿದೆ" ಅಂತ ಬರೆದಿದ್ದೆ, 90ರಲ್ಲಿ ಓಡಿದ್ದು 52 ದಿನ

ಪ್ರಶ್ನೆ: ನನ್ನ ನಾಲ್ಕು ತಿಂಗಳ ಫಿಟ್‌ನೆಸ್ ಪಯಣದ ಬಗ್ಗೆ ಒಂದು ಪೋಸ್ಟ್ ಬರೆದಿದ್ದೇನೆ. ಓದಿದ ಗೆಳೆಯ ಜಂಬ ಕೊಚ್ಚಿಕೊಂಡ ಹಾಗಿದೆ ಅಂದ. ಯಾವ ಪದ ಬದಲಿಸಿದರೆ ವಿನಯವಾಗಿ ಕಾಣುತ್ತೆ? ಮುಂಚೆ ಹೇಗಿದ್ದೆ, ಈಗ ಹೇಗಿದ್ದೇನೆ ಅನ್ನೋ ಫೋಟೋ ಹಾಕಲಾ?

ಪದ ಬದಲಿಸಬೇಡಿ. ತೊಂದರೆ ಇರುವುದು ಪದದಲ್ಲಿ ಅಲ್ಲ. ನಾನೂ ಇಂಥದ್ದೇ ಒಂದು ಪೋಸ್ಟ್ ಬರೆದಿದ್ದೆ, ಎರಡು ವರ್ಷ ಆಯಿತು. ನಾಲ್ಕೇ ಮಾತು, ಇವತ್ತಿಗೂ ಬಾಯಿಪಾಠ ಇದೆ.

"90 ದಿನ. ಒಂದು ದಿನವೂ ತಪ್ಪಿಸದೆ 5 ಕಿಲೋಮೀಟರ್ ಓಡಿದೆ. 9 ಕೆಜಿ ಇಳಿಸಿದೆ. ಮನಸ್ಸು ಮಾಡಿದರೆ ಯಾರಿಂದಲೂ ಆಗುತ್ತೆ."

ಓದಿದವರೊಬ್ಬರು ಜಂಬ ಅಂದರು. ನಾನು ಕೂತು ವಿನಯ ಸೇರಿಸಿದೆ. ಶುರುವಿಗೆ "ನಾನೇನು ದೊಡ್ಡ ಓಟಗಾರ್ತಿ ಅಲ್ಲ" ಅಂತ ಹಾಕಿದೆ, ಕೊನೆಗೆ "ಎಲ್ಲ ನಿಮ್ಮ ಹಾರೈಕೆ" ಅಂತ ಹಾಕಿದೆ. ನಡುವಿನ ಮಾತುಗಳು ಹಾಗೇ ಉಳಿದವು. ಅವುಗಳಲ್ಲಿ ಒಂದೂ ಪೂರ್ತಿ ನಿಜ ಆಗಿರಲಿಲ್ಲ. ಮೆತ್ತಗೆ ಹೇಳಿದ್ದರಿಂದ ಜನ ಅದನ್ನು ಮೊದಲಿಗಿಂತ ಜಾಸ್ತಿ ನಂಬಿದರು, ಅಷ್ಟೇ.

ಹಾಗೆ ನಂಬಿದವರಲ್ಲಿ ನನ್ನ ಚಿಕ್ಕಮ್ಮನ ಮಗನೂ ಒಬ್ಬ. ಒಂದು ಕೆಲಸದ ಫಿಸಿಕಲ್ ಟೆಸ್ಟ್‌ಗೆ ತಯಾರಿ ಶುರು ಮಾಡಬೇಕಿತ್ತು, ಅದಕ್ಕಿಂತ ಮುಂಚೆ ಓಡಿದ ಅಭ್ಯಾಸ ಇರಲಿಲ್ಲ. ನನ್ನ ಪೋಸ್ಟ್ ಓದಿ ಮಾರನೇ ದಿನದಿಂದಲೇ 5 ಕಿಲೋಮೀಟರ್, ದಿನಾ. ಮೂರನೇ ವಾರ ಫೋನ್ ಮಾಡಿ ಮೊಣಕಾಲಿನ ಕೆಳಗೆ ಮೂಳೆಯ ಒಳಬದಿಯ ಅಂಚಿನುದ್ದಕ್ಕೂ ನೋಯುತ್ತಿದೆ ಅಂದ. ಎರಡು ದಿನ ಬಿಡು ಅಂದೆ. "ನೀನೇ ಬರೆದಿದ್ದೀಯಲ್ಲಕ್ಕ, ಒಂದು ದಿನವೂ ಬಿಡಲಿಲ್ಲ ಅಂತ" ಅಂದ. ನನಗೆ ಆಗ ಉತ್ತರ ಹೊಳೆಯಲಿಲ್ಲ. ಹೊಳೆಯಲಿಲ್ಲ ಅನ್ನುವುದೂ ಸರಿಯಲ್ಲ, ಹೊಳೆದಿತ್ತು, ಹೇಳಲಿಲ್ಲ.

ಯಾಕಂದರೆ ಅದೇ ನೋವು ನನಗೂ ಬಂದಿತ್ತು. ಐದನೇ ವಾರದಲ್ಲಿ. ಹತ್ತು ದಿನ ಓಟ ಪೂರ್ತಿ ನಿಲ್ಲಿಸಿದ್ದೆ. ಅದನ್ನು ಪೋಸ್ಟ್‌ನಲ್ಲಿ ಬರೆದಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಾನು ಸುಳ್ಳು ಬರೆಯಬೇಕು ಅಂತ ಕೂತವಳಲ್ಲ, ನೀವೂ ಅಲ್ಲ. ಓಡದ ದಿನ ನಾನು ಮನೆಯಲ್ಲೇ ಹತ್ತು ನಿಮಿಷ ಕೈಕಾಲು ಚಾಚುತ್ತಿದ್ದೆ. ಮನಸ್ಸಿನಲ್ಲಿ ಅದನ್ನೂ "ತಪ್ಪಿಸಲಿಲ್ಲ" ಅನ್ನುವ ಲೆಕ್ಕಕ್ಕೆ ಸೇರಿಸಿಕೊಂಡಿದ್ದೆ. ಶುರುವಿನ ವಾರಗಳಲ್ಲಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಮಾಡುತ್ತಿದ್ದೆ. ಅದನ್ನು "ಓಡಿದೆ" ಅಂದುಕೊಂಡಿದ್ದೆ, ಏಕೆಂದರೆ ಹೊರಡುವಾಗ ಓಡಲಿಕ್ಕೆ ಅಂತಲೇ ಹೊರಡುತ್ತಿದ್ದೆ. 90ನೇ ದಿನ ಬರೆಯಲು ಕೂತಾಗ ತಲೆಯಲ್ಲಿ ಇದ್ದದ್ದು ಕೊನೆಯ ಎರಡು ವಾರದ ನಾನು. ಆ ಎರಡು ವಾರವನ್ನು ಹಿಂದಕ್ಕೆ ಎಳೆದು 90 ದಿನದ ಮೇಲೂ ಹೊದಿಸಿಬಿಟ್ಟೆ. ನನ್ನನ್ನು ಕಾಪಾಡಿದ್ದು ಯಾವುದೋ ಅದನ್ನೇ, ಅಂದರೆ ನಡಿಗೆ ಮತ್ತು ಬಿಡುವನ್ನು, ಕಥೆ ಚೆನ್ನಾಗಿ ಕಾಣಲಿ ಅಂತ ತೆಗೆದುಹಾಕಿದ್ದೆ.

ಅವನು ಬಿಡದೆ ಓಡಿದ. ನಾಲ್ಕನೇ ವಾರದ ಹೊತ್ತಿಗೆ ನೋವು ಅಂಚಿನುದ್ದಕ್ಕೂ ಇರಲಿಲ್ಲ, ಒಂದೇ ಕಡೆಗೆ ಬಂದು ನಿಂತಿತ್ತು. ಬೆರಳ ತುದಿಯಿಂದ ಒತ್ತಿದರೆ ಸರಿಯಾಗಿ ಅಲ್ಲೇ ಚುಚ್ಚುತ್ತಿತ್ತು, ರಾತ್ರಿ ಮಲಗಿದಾಗಲೂ ನೋಯುತ್ತಿತ್ತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ನೋವು ಹೋಗದಿದ್ದಾಗ ಎಂಆರ್‌ಐ ಮಾಡಿಸಿದರು, ಆಗ ಗೊತ್ತಾಯಿತು ಸ್ಟ್ರೆಸ್ ಫ್ರಾಕ್ಚರ್ ಅಂತ. ಮೂಳೆಯಲ್ಲಿ ಸಣ್ಣ ಬಿರುಕು. ಇದು ಶುರುವಿನ ಕೆಲವು ವಾರ ಎಕ್ಸ್‌ರೇಗೆ ಸಿಗದೇ ಇರುವುದು ಸಾಮಾನ್ಯ ಅಂತ ಡಾಕ್ಟರ್ ಹೇಳಿದರು. ಓಟ ಶುರು ಮಾಡಿದ ಕೆಲವೇ ವಾರಗಳಲ್ಲಿ ಉಸಿರು ಹೊಂದಿಕೊಳ್ಳುತ್ತದೆ, ಮೂಳೆಗೆ ಅಷ್ಟು ಆತುರ ಇಲ್ಲ. ಹೊಡೆತ ಬಿದ್ದ ಜಾಗದಲ್ಲಿ ಅದು ಮೊದಲು ಹಳೆಯದನ್ನು ತೆಗೆದು ಆಮೇಲೆ ಹೊಸದನ್ನು ಕಟ್ಟುತ್ತದೆ. ಆ ನಡುವಿನ ದಿನಗಳಲ್ಲಿ ಬಿಡುವು ಕೊಡದೆ ಹೊಡೆಯುತ್ತಲೇ ಇದ್ದರೆ ಬಿರುಕು ಬಿಡಬಹುದು. ಎಂಟು ವಾರ ಓಡುವಂತಿರಲಿಲ್ಲ. ಟೆಸ್ಟ್ ಅದರ ನಡುವೆ ಬಂದು ಹೋಯಿತು. ಅವನು ಏನೂ ಬೈಯಲಿಲ್ಲ. ಆದರೆ ಆರು ತಿಂಗಳು ತಾನಾಗಿ ನನಗೆ ಫೋನ್ ಮಾಡಲಿಲ್ಲ.

ಆಮೇಲೆ ಕೂತು ಪೋಸ್ಟ್ ತಿದ್ದಿದೆ. ಈ ಸಲ ಪದಗಳ ಕಡೆ ನೋಡಲಿಲ್ಲ, ಫೋನ್‌ನಲ್ಲಿ ಇದ್ದ ಓಟದ ದಾಖಲೆ ತೆರೆದೆ. 90 ದಿನದಲ್ಲಿ ಹೊರಗೆ ಹೋಗಿದ್ದು 52 ದಿನ, ಅಂದರೆ ವಾರಕ್ಕೆ ಸುಮಾರು ನಾಲ್ಕು. ನಿಲ್ಲದೆ 5 ಕಿಲೋಮೀಟರ್ ಮೊದಲ ಸಲ ಮುಗಿಸಿದ್ದು 63ನೇ ದಿನ.

ಆಮೇಲೆ 9 ಕೆಜಿ. ಮೊದಲ ದಿನ ತೂಕ ನೋಡಿದ್ದು ಸಂಜೆ, ಹೊಟ್ಟೆ ತುಂಬ ತಿಂದು, ಶೂ ಹಾಕಿಕೊಂಡು. 88. ಕೊನೆಯ ದಿನ ನೋಡಿದ್ದು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ. 79. ತಿಂದದ್ದು ಕುಡಿದದ್ದು ಸೇರಿ ಒಬ್ಬರ ತೂಕ ಒಂದೇ ದಿನದಲ್ಲಿ ಒಂದೆರಡು ಕೆಜಿ ಆಚೀಚೆ ಆಗುತ್ತದೆ, ಹಾಗಾಗಿ ಈ ಎರಡನ್ನು ಕಳೆದರೆ ಬರುವ ಸಂಖ್ಯೆಗೆ ಅರ್ಥವೇ ಇಲ್ಲ. ಪುಣ್ಯಕ್ಕೆ 8ನೇ ದಿನ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಅದೇ ತಕ್ಕಡಿಯಲ್ಲಿ ನೋಡಿದ್ದು ಬರೆದಿಟ್ಟಿದ್ದೆ, 84.5. ಹೋಲಿಸಬಹುದಾದದ್ದು ಇದರ ಜೊತೆ ಮಾತ್ರ. ಹಾಗೆ ನೋಡಿದರೆ ಇಳಿದದ್ದು ಐದೂವರೆ ಕೆಜಿ. ಮೊದಲ ವಾರದಲ್ಲೇ ಮೂರೂವರೆ ಕೆಜಿ ಕರಗಿತು ಅಂತ ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಅದರಲ್ಲಿ ಒಂದಷ್ಟು ಶೂ, ಬಟ್ಟೆ, ಊಟದ ತೂಕ. ಇನ್ನೊಂದಷ್ಟು ನೀರು. ಸ್ನಾಯು ಮತ್ತು ಲಿವರ್‌ನಲ್ಲಿ ಶಕ್ತಿಗಾಗಿ ಕೂಡಿಟ್ಟ ಗ್ಲೈಕೋಜನ್ ಒಂದು ಗ್ರಾಂಗೆ ಸುಮಾರು ಮೂರು ಗ್ರಾಂ ನೀರು ಹಿಡಿದುಕೊಂಡಿರುತ್ತದೆ. ಊಟ ಕಡಿಮೆ ಮಾಡಿ ಓಡಿದಾಗ ಮೊದಲು ಖರ್ಚಾಗುವುದು ಅದು, ನೀರೂ ಜೊತೆಗೇ ಹೋಗುತ್ತದೆ. ಮತ್ತೆ ಹೊಟ್ಟೆ ತುಂಬ ತಿಂದರೆ ವಾಪಸ್ ಬರುತ್ತದೆ. ಅದು ಕೊಬ್ಬಲ್ಲ. ಮೊದಲ ವಾರದ ಇಳಿಕೆಯನ್ನು ಸಾಧನೆಯ ಪಟ್ಟಿಗೆ ಸೇರಿಸಲೇಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಉಳಿದ ಐದೂವರೆಯೂ ಓಟದ್ದೇ ಅನ್ನುವ ಹಾಗಿಲ್ಲ. ಅದೇ ತಿಂಗಳಲ್ಲಿ ನನ್ನ ರಾತ್ರಿ ಪಾಳಿ ಹಗಲಿಗೆ ಬದಲಾಗಿತ್ತು. ನಿದ್ದೆ ಐದು ಗಂಟೆಯಿಂದ ಏಳಕ್ಕೆ ಬಂತು. ರಾತ್ರಿ ಎರಡು ಗಂಟೆಗೆ ತಿನ್ನುವುದು ತಾನಾಗಿ ನಿಂತಿತು. ಪೋಸ್ಟ್‌ನಲ್ಲಿ ಇದರ ಸುಳಿವೇ ಇರಲಿಲ್ಲ, ಎಲ್ಲ ಹೆಸರೂ ಓಟಕ್ಕೆ ಹೋಗಿತ್ತು. ನನ್ನ ಮಟ್ಟಿಗೆ ವಿನಯ ಅಂದರೆ ಇದೇ ಜಾಗ. ತನ್ನನ್ನು ಕೆಳಗಿಟ್ಟು ಮಾತಾಡುವುದಲ್ಲ, ಜೊತೆಗೆ ಏನೇನು ಬದಲಾಗಿತ್ತೋ ಅದರ ಪಾಲನ್ನು ಅದಕ್ಕೆ ಬಿಟ್ಟುಕೊಡುವುದು.

ಕೊನೆಗೆ ತಿದ್ದಿ ಬರೆದದ್ದು ಇದು:

"90 ದಿನದಲ್ಲಿ 52 ದಿನ ಹೊರಗೆ ಹೋದೆ. ಮೊದಲ ಐದು ವಾರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಐದನೇ ವಾರ ಕಾಲಿನ ಮೂಳೆಯ ಅಂಚು ನೋವು ಬಂದು ಹತ್ತು ದಿನ ನಿಲ್ಲಿಸಿದೆ. ನಿಲ್ಲದೆ 5 ಕಿಲೋಮೀಟರ್ ಓಡಿದ್ದು 63ನೇ ದಿನ. ಅದೇ ದಾರಿಗೆ ಮೊದಲ ಸಲ ನಡೆದು ಓಡಿ 46 ನಿಮಿಷ ಹಿಡಿದಿತ್ತು, ಈಗ 34. ತೂಕ ಎರಡನೇ ವಾರದಿಂದ ಲೆಕ್ಕ ಹಾಕಿದರೆ ಐದೂವರೆ ಕೆಜಿ ಕಡಿಮೆ. ಇದೇ ಸಮಯದಲ್ಲಿ ರಾತ್ರಿ ಪಾಳಿ ಬಿಟ್ಟೆ, ಎರಡು ಗಂಟೆ ನಿದ್ದೆ ಜಾಸ್ತಿ ಆಯಿತು, ಯಾವುದರಿಂದ ಎಷ್ಟು ಇಳಿಯಿತು ಅಂತ ಬೇರೆ ಮಾಡಿ ಹೇಳಲಾರೆ. ಏರು ದಾರಿಯಲ್ಲಿ ಇನ್ನೂ ನಡೆಯುತ್ತೇನೆ."

ಇದರಲ್ಲಿ "ನಾನೇನು ದೊಡ್ಡವಳಲ್ಲ" ಅನ್ನುವ ಮಾತೇ ಇಲ್ಲ, ಗಮನಿಸಿ. ಬೇಕಾಗಲೂ ಇಲ್ಲ. ಜಂಬ ಅಂತಲೂ ಯಾರೂ ಅನ್ನಲಿಲ್ಲ. 46ರಿಂದ 34ಕ್ಕೆ ಬಂದದ್ದು ನಿಜವಾಗಿ ನನಗೆ ಖುಷಿ ಕೊಟ್ಟ ಬದಲಾವಣೆ, ಮೊದಲ ಪೋಸ್ಟ್‌ನಲ್ಲಿ ಅದಕ್ಕೇ ಜಾಗ ಸಿಕ್ಕಿರಲಿಲ್ಲ ನೋಡಿ. "ಯಾರಿಂದಲೂ ಆಗುತ್ತೆ" ಅನ್ನುವುದನ್ನು ಪೂರ್ತಿ ತೆಗೆದೆ. ಯಾರಿಂದ ಏನಾಗುತ್ತೆ ಅಂತ ನನಗೆ ಗೊತ್ತಿಲ್ಲ, ನನ್ನ ಒಬ್ಬಳ ಕಾಲಿನ ವಿಷಯ ಮಾತ್ರ ಗೊತ್ತು.

ಫೋಟೋ ಬಗ್ಗೆ ಕೇಳಿದಿರಿ. ನಾನಾದರೆ ಹಾಕುವುದಿಲ್ಲ. ಬೆಳಕು ಪಕ್ಕದಿಂದ ಬಿದ್ದರೆ, ಬೆನ್ನು ನೆಟ್ಟಗೆ ಮಾಡಿ ಉಸಿರು ಹಿಡಿದರೆ ಐದು ನಿಮಿಷದಲ್ಲೇ ಎರಡು ಬೇರೆ ಮನುಷ್ಯರ ಹಾಗೆ ಕಾಣಬಹುದು. ಹಾಕಲೇಬೇಕು ಅಂದರೆ ಎರಡೂ ಒಂದೇ ಜಾಗ, ಒಂದೇ ಹೊತ್ತು, ಸುಮ್ನೆ ನಿಂತ ಫೋಟೋ ಇರಲಿ. ಅಂಥ ಹಳೆಯ ಫೋಟೋ ನಿಮ್ಮ ಹತ್ತಿರ ಇಲ್ಲದಿದ್ದರೆ ಬಿಟ್ಟುಬಿಡಿ.

ನಿಮ್ಮ ನಾಲ್ಕು ತಿಂಗಳಿಗೂ ಮೊದಲು ದಾಖಲೆ ತೆರೆಯಿರಿ. ಎಷ್ಟು ದಿನ ಬಿಟ್ಟಿರಿ ಅನ್ನುವುದನ್ನು ಮೊದಲು ಎಣಿಸಿ, ಯಾಕೆ ಬಿಟ್ಟಿರಿ ಅಂತ ಪಕ್ಕದಲ್ಲಿ ಬರೆಯಿರಿ. ನಿಮ್ಮ ಹಾಗೇ ಮಾಡಲು ಹೊರಡುವವರಿಗೆ ಆ ಬಿಟ್ಟ ದಿನಗಳ ವಿಷಯವೇ ಮುಖ್ಯ. ದಾಖಲೆ ಇಲ್ಲದ ಭಾಗಕ್ಕೆ "ಲೆಕ್ಕ ಇಟ್ಟಿಲ್ಲ" ಅಂತ ಹಾಕಿ, ಅಂದಾಜಿನ ಸಂಖ್ಯೆ ಬೇಡ.

ಪೋಸ್ಟ್ ಈಗಾಗಲೇ ಹಾಕಿದ್ದರೆ ಅಳಿಸಬೇಡಿ. ಅಳಿಸಿದರೆ ಮೊದಲು ಓದಿದವರಿಗೆ ಹಳೆಯದೇ ನೆನಪಿರುತ್ತದೆ. ಅದರ ಮೇಲೆಯೇ ಏನು ತಪ್ಪಾಗಿತ್ತು ಅಂತ ಬರೆದು ಹೊಸದನ್ನು ಸೇರಿಸಿ. ನಾನು ಹಾಗೇ ಮಾಡಿದೆ. ಹಾಕುವ ಮುಂಚೆ ಚಿಕ್ಕಮ್ಮನ ಮಗನಿಗೆ ಕಳಿಸಿದೆ. ಸಂಜೆ ಅವನೇ ಫೋನ್ ಮಾಡಿದ. "ಒಂದೇ ಕಡೆ ಚುಚ್ಚಿದರೆ ಓಡಬೇಡಿ ಅಂತಲೂ ಸೇರಿಸಕ್ಕ" ಅಂದ. ಸೇರಿಸಿದೆ. ಆಮೇಲೆ ಹಳೆಯ ಪೋಸ್ಟ್ ಕೆಳಗೆ "ನಾಳೆಯಿಂದ ನಾನೂ" ಅಂತ ಬರೆದಿದ್ದ ಏಳು ಜನರಿಗೆ ಒಬ್ಬೊಬ್ಬರಿಗೇ ಮೆಸೇಜ್ ಮಾಡಿದೆ. ಅವರಲ್ಲಿ ಇಬ್ಬರಿಗೆ ಆಗಲೇ ಕಾಲು ನೋವು ಶುರುವಾಗಿತ್ತು.