ಟಿಬಿ ರೋಗಿಯ ಗುಟ್ಟು ಎಲ್ಲಿಯವರೆಗೆ?

"ಗೋವಾದ ಮಾಪುಸಾದಲ್ಲಿ ನನ್ನ ಕ್ಲಿನಿಕ್. ಗದಗ ಕಡೆಯ ಹೋಟೆಲ್ ಹುಡುಗನ ಕಫದಲ್ಲಿ ಟಿಬಿ ಬಂದಿದೆ. ಯಾರಿಗೂ ಹೇಳಬೇಡಿ, ಕೆಲಸ ಹೋಗುತ್ತೆ ಅಂತಾನೆ. ಏನು ಮಾಡಲಿ?"

ಡಾಕ್ಟ್ರೇ, ಸರ್ಕಾರದ ಟಿಬಿ ಜಾಲತಾಣವಾದ ನಿಕ್ಷಯ್‌ನಲ್ಲಿ ನೋಂದಾಯಿಸದೆ ಇರುವಂತಿಲ್ಲ, 2012ರಿಂದ ಅದು ಕಡ್ಡಾಯ. ಆದರೆ ಮಾಲೀಕರಿಗೆ ಹೇಳಬೇಡಿ. ರಜೆ ಚೀಟಿಯಲ್ಲಿ ಕಾಯಿಲೆಯ ಹೆಸರು ಬೇಡ, 'ಎರಡು ವಾರ ವಿಶ್ರಾಂತಿ' ಸಾಕು. ಔಷಧಿ ಹಿಡಿದರೆ ಸೋಂಕು ಹರಡುವುದು ಸಾಮಾನ್ಯವಾಗಿ ಅಷ್ಟರಲ್ಲಿ ಬಹಳ ಇಳಿಯುತ್ತದೆ. ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಬಗ್ಗದ ಟಿಬಿಗೆ ಈ ಲೆಕ್ಕ ನಡೆಯದು, ಹಾಗಾಗಿ ಅದನ್ನು ಪತ್ತೆಮಾಡುವ ಸಿಬಿನಾಟ್ ಪರೀಕ್ಷೆಯ ವರದಿ ಮೊದಲು ನೋಡಿ.

ನಿಜವಾದ ಕಷ್ಟ ಅವನ ರೂಮಿನಲ್ಲಿದೆ. ಜೊತೆಗೆ ಮಲಗುವವರ ತಪಾಸಣೆ ಆಗಲೇಬೇಕು. ಅದಕ್ಕೆ ಅವನನ್ನು ಒಪ್ಪಿಸಿ, ಆರೋಗ್ಯ ಕಾರ್ಯಕರ್ತರಿಂದ ಮಾಡಿಸಿ. ಹೆಸರು ಹೇಳದಿದ್ದರೂ ರೂಮಿನವರು ಊಹಿಸಿಬಿಡಬಹುದು, ಅದನ್ನು ಅವನಿಗೆ ಮೊದಲೇ ತಿಳಿಸಿ. ಎರಡು ವಾರದ ಸಂಬಳವೂ ಹೋಗುತ್ತದೆ. ಪೋಷಣೆಗೆಂದು ಸರ್ಕಾರ ಕೊಡುವ ತಿಂಗಳ 1000 ರೂಪಾಯಿ ಅದನ್ನು ತುಂಬದು. ಹೆದರಿ ಊರಿಗೆ ಓಡಿದರೆ ಮಾತ್ರೆ ನಿಂತೀತು. ನಿಕ್ಷಯ್ ಐಡಿ ಬರೆದುಕೊಡಿ, ಗದಗದಲ್ಲೂ ಅದರ ಮೇಲೆಯೇ ಚಿಕಿತ್ಸೆ ಮುಂದುವರಿಸಬಹುದು.