ಸೈಲೆನ್ಸರ್ ಬದಲಿಸಿದ ಮೇಲೆ ಪಟಪಟ ಸದ್ದು, ಎಳೆತವೂ ಕಡಿಮೆ

ಪ್ರಶ್ನೆ: "ಹಳೆಯ 350 ಸಿಸಿ ಕಾರ್ಬುರೇಟರ್ ಬೈಕಿಗೆ ಮೈಸೂರಿನಲ್ಲಿ ಜೋರು ಸದ್ದಿನ ಸೈಲೆನ್ಸರ್ ಹಾಕಿಸಿದೆ. ಆಕ್ಸಿಲರೇಟರ್ ಬಿಟ್ಟಾಗ ಪಟಾಕಿಯಂತೆ ಸಿಡಿಯುತ್ತದೆ, ಎಳೆತವೂ ಇಲ್ಲ. ಬ್ಯಾಕ್ ಪ್ರೆಷರ್ ಕಡಿಮೆಯಾಯಿತೇ?"

ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲದೆ ಹೋಗಿರುವುದೇ ಬಹುಶಃ ಕಾರಣ. ಹೊಗೆ ಸಲೀಸಾಗಿ ಹೊರಹೋದರೆ ಎಂಜಿನ್ ಹೆಚ್ಚು ಗಾಳಿ ಎಳೆಯುತ್ತದೆ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ಜೆಟ್ ಮಾತ್ರ ಹಳೆಯ ಅಳತೆಯದೇ. ಬ್ಯಾಕ್ ಪ್ರೆಷರ್ ಎಂದರೆ ಹೊರಹೋಗುವ ಹೊಗೆಗೆ ಎದುರಾಗುವ ಒತ್ತಡ, ಅದರಿಂದ ಶಕ್ತಿ ಹುಟ್ಟುವುದಿಲ್ಲ. ಹೊಗೆ ಕೊಳವೆಯೊಳಗಿನ ಒತ್ತಡದ ಅಲೆಗಳ ಲೆಕ್ಕ ತಪ್ಪಿದಾಗ ಕಡಿಮೆ ವೇಗದ ಎಳೆತ ಕುಗ್ಗುತ್ತದೆ.

ಮೊದಲು ಸಿಲಿಂಡರ್ ಹೆಡ್ಡಿಗೆ ಕೊಳವೆ ಕೂಡುವ ಜಾಗ ನೋಡಿ. ತಣ್ಣಗಿರುವ ಎಂಜಿನ್ ಚಾಲೂ ಮಾಡಿ, ತಕ್ಷಣ ಅಲ್ಲಿಗೆ ಸೋಪಿನ ನೀರು ಬಿಡಿ. ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಬದಲಿಸಿ; ಸಿಡಿತ ಅಷ್ಟಕ್ಕೇ ನಿಲ್ಲಬಹುದು.

ನಿಲ್ಲದಿದ್ದರೆ ಎಂಜಿನ್ ಬಿಸಿಯಾದ ಮೇಲೆ ಕಾರ್ಬುರೇಟರಿನಲ್ಲಿ ಗಾಳಿ-ಪೆಟ್ರೋಲ್ ಮಿಶ್ರಣ ಹೊಂದಿಸುವ ತಿರುಪನ್ನು ಕಾಲು ಸುತ್ತಿನಂತೆ ಹೊಂದಿಸಿ. ತಿರುಪು ಎಂಜಿನ್ ಕಡೆಗಿದ್ದರೆ ಬಿಚ್ಚಿದಷ್ಟೂ ಪೆಟ್ರೋಲ್ ಹೆಚ್ಚು. ಏರ್ ಫಿಲ್ಟರ್ ಕಡೆಗಿದ್ದರೆ ಬಿಗಿದಷ್ಟೂ ಹೆಚ್ಚು. ಇಲ್ಲೇ ಅನೇಕ ಮೆಕ್ಯಾನಿಕ್‌ಗಳು ಎಡವುತ್ತಾರೆ.

ವೇಗದಲ್ಲೂ ಎಳೆತವಿಲ್ಲದಿದ್ದರೆ ಮುಖ್ಯ ಜೆಟ್ ಒಂದು ಅಳತೆ ದೊಡ್ಡದು ಹಾಕಿಸಿ. ರಿಂಗ್ ರಸ್ತೆಯಲ್ಲಿ ಸ್ವಲ್ಪ ದೂರ ಒಂದೇ ವೇಗದಲ್ಲಿ ಓಡಿಸಿ, ಬದಿಗೆ ನಿಲ್ಲಿಸಿ, ಆರಿದ ಮೇಲೆ ಪ್ಲಗ್ ತೆಗೆಯಿರಿ. ಬಿಳಿಯಾಗಿದ್ದರೆ ಪೆಟ್ರೋಲ್ ಇನ್ನೂ ಸಾಲದು, ಕಪ್ಪು ಮಸಿಯಿದ್ದರೆ ಅತಿಯಾಯಿತು, ತಿಳಿ ಕಂದು ಸರಿ. ಬಿಳಿ ಪ್ಲಗ್ಗಿನೊಂದಿಗೆ ಮಂಡ್ಯದವರೆಗೆ ಜೋರಾಗಿ ಹೋಗಬೇಡಿ, ಪಿಸ್ಟನ್ ಸುಟ್ಟೀತು.

ಇದರಿಂದ ಸದ್ದು ಮಾತ್ರ ಇಳಿಯದು. 175 ಸಿಸಿ ಮೀರಿದ ಬೈಕಿಗೆ ತಯಾರಿಕೆಯ ಹಂತದಲ್ಲಿ ಮಿತಿ 80 ಡೆಸಿಬೆಲ್. ಮೀರಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 190(2)ರಡಿ ದಂಡ 10,000 ರೂಪಾಯಿವರೆಗೂ ಹೋಗಬಹುದು. ಹಳೆಯ ಸೈಲೆನ್ಸರನ್ನೂ ಹಳೆಯ ಜೆಟ್ಟನ್ನೂ ಗುಜರಿಗೆ ಹಾಕಬೇಡಿ. ಮರಳಿ ಹಾಕುವಾಗ ಎರಡನ್ನೂ ಒಟ್ಟಿಗೇ ಹಾಕಿಸಿ.