ಆಯ್ಕೆಯಾಗದ ಆಕ್ಷೇಪಣೆಯ ಗತಿ

"ಸಿಎಜಿ ವರದಿಯಲ್ಲಿ ಬಂದ ಆಕ್ಷೇಪಣೆಯನ್ನು ಸಂಸತ್ತಿನ ಲೆಕ್ಕಪತ್ರ ಸಮಿತಿ ವಿಚಾರಣೆಗೆ ಆರಿಸಿಕೊಳ್ಳದಿದ್ದರೆ ಅದು ಅಲ್ಲಿಗೇ ಮುಗಿಯಿತೇ?"

ಮುಗಿಯುವುದಿಲ್ಲ. ಸಮಿತಿ ಪ್ರತಿ ವರ್ಷ ಕೆಲವೇ ವಿಷಯಗಳನ್ನು ಆರಿಸಿಕೊಂಡು ಕಾರ್ಯದರ್ಶಿಗಳನ್ನು ಕರೆಸಿ ಪ್ರಶ್ನಿಸುತ್ತದೆ. ಉಳಿದ ಆಕ್ಷೇಪಣೆಗಳಿಗೂ ಸಂಬಂಧಪಟ್ಟ ಸಚಿವಾಲಯವು, ವರದಿ ಮಂಡನೆಯಾದ 4 ತಿಂಗಳೊಳಗೆ, ಲೆಕ್ಕಪರಿಶೋಧಕರಿಂದ ಪರಿಶೀಲನೆಗೊಳಪಟ್ಟ ಕೈಗೊಂಡ ಕ್ರಮಗಳ ಟಿಪ್ಪಣಿಯನ್ನು ಸಲ್ಲಿಸಬೇಕು. ಈ ಪರಿಶೀಲನೆಯ ಹಂತದಲ್ಲೂ ವಿಳಂಬವಾಗಬಹುದು. ಗುತ್ತಿಗೆದಾರನಿಗೆ ಹೆಚ್ಚುವರಿ ಹಣ ಸಂದಾಯವಾಗಿದೆ ಎಂಬ ಆಕ್ಷೇಪಣೆಗೆ "ವಸೂಲಿಗೆ ಸೂಚಿಸಲಾಗಿದೆ" ಎಂದಷ್ಟೇ ಬರೆದರೆ, ಎಷ್ಟು ವಸೂಲಾಯಿತು, ಬಿಲ್ಲು ಮಂಜೂರು ಮಾಡಿದವರ ಮೇಲೆ ಏನು ಕ್ರಮವಾಯಿತು ಎಂಬ ಷರಾದೊಂದಿಗೆ ಕಡತ ಹಿಂದಿರುಗಬಹುದು. ನನ್ನ ದೃಷ್ಟಿಯಲ್ಲಿ ನಿಜವಾದ ಕೊರತೆ ಬೇರೆಡೆ ಇದೆ: ಸಮಿತಿ ಶಿಫಾರಸು ಮಾಡಬಲ್ಲದೇ ಹೊರತು ದಂಡಿಸಲಾರದು, ಹಣವನ್ನು ತಾನೇ ವಸೂಲು ಮಾಡಲೂ ಆರದು.